ಜಿಮ್ ಬಿಟ್ಟವರಿಗೆ ಬಾಕಿ ನೆನಪಿಸುವುದು ಹೇಗೆ?

ಜಿಮ್‌ಗೆ ಬರುವುದನ್ನು ನಿಲ್ಲಿಸಿದವರಲ್ಲಿ ಬಹಳಷ್ಟು ಜನ, ಇನ್ನು ಸಾಕು ಎಂದು ತೀರ್ಮಾನ ಮಾಡಿ ನಿಲ್ಲಿಸಿದವರಲ್ಲ. ಮನೆಯಲ್ಲೊಂದು ಮದುವೆ, ನಡುವೆ ಒಂದು ಜ್ವರ, ಮಕ್ಕಳ ಪರೀಕ್ಷೆ, ಹಿಡಿದರೆ ಬಿಡದ ಜಡಿಮಳೆ. ಒಂದು ವಾರ ತಪ್ಪುತ್ತದೆ, ಅದು ಎರಡಾಗುತ್ತದೆ. ಅಷ್ಟರಲ್ಲಿ ಕಟ್ಟಿದ್ದ ಮೂರು ತಿಂಗಳ ಫೀ ಅವಧಿ ಮುಗಿದಿರುತ್ತದೆ. ಅಲ್ಲಿಗೆ ಮತ್ತೆ ಹೋಗಬೇಕೆಂದರೆ ಬರೀ ಮೈ ಬಗ್ಗಿಸಿದರೆ ಸಾಲದು, ಮುಖ ತೋರಿಸುವ ಧೈರ್ಯವೂ ಬೇಕಾಗುತ್ತದೆ. ಬಾಗಿಲಲ್ಲೇ ಏನು ಕೇಳುತ್ತಾರೋ, ಎಷ್ಟು ಕಟ್ಟಬೇಕೋ, ಕೋಚ್ ಏನನ್ನುತ್ತಾರೋ ಎಂಬ ಸಂಕೋಚಕ್ಕೆ ಆ ರಸ್ತೆಯನ್ನೇ ತಪ್ಪಿಸಿ ಓಡಾಡುವವರೂ ಇದ್ದಾರೆ.

ಇಂಥವರ ಫೋನಿಗೆ ಒಂದು ಬೆಳಿಗ್ಗೆ ಮೆಸೇಜ್ ಬರುತ್ತದೆ: ‘ಆತ್ಮೀಯ ಸದಸ್ಯರೇ, ತಮ್ಮ ಸದಸ್ಯತ್ವದ ಅವಧಿ ಮುಕ್ತಾಯಗೊಂಡಿದ್ದು, ಬಾಕಿ ಮೊತ್ತವನ್ನು ಕೂಡಲೇ ಪಾವತಿಸತಕ್ಕದ್ದು. ತಪ್ಪಿದಲ್ಲಿ ಪ್ರವೇಶ ನಿರಾಕರಿಸಲಾಗುವುದು.’ ಬರೆದ ಮಾಲೀಕರಿಗೆ ಯಾರನ್ನೂ ನೋಯಿಸುವ ಉದ್ದೇಶ ಇರಲಿಕ್ಕಿಲ್ಲ. ಲಿಖಿತವಾಗಿ ಹಣ ಕೇಳುವುದೆಂದರೆ ನಮಗೆಲ್ಲ ಗೊತ್ತಿರುವ ಧಾಟಿ ಕಚೇರಿಯ ನೋಟಿಸಿನದು, ಅದೇ ಕೈಗೆ ಬಂದಿದೆ. ಆದರೆ ಈ ಮೆಸೇಜ್‌ನಲ್ಲಿ ಎಷ್ಟು ಬಾಕಿ ಎಂಬುದಿಲ್ಲ, ಯಾವ ದಿನದ ಬಾಕಿ ಎಂಬುದಿಲ್ಲ, ಬಂದರೆ ಏನಾಗುತ್ತದೆ ಎಂಬುದಿಲ್ಲ. ಇರುವುದು ಬಾಗಿಲು ಹಾಕುತ್ತೇವೆ ಎಂಬ ಮಾತೊಂದೇ. ಬರಲು ಸಂಕೋಚಪಡುತ್ತಿದ್ದವರಿಗೆ ಬರದಿರಲು ಕಾರಣ ಸಿಕ್ಕಂತಾಯಿತು.

ಹಾಗಾದರೆ ಸಿಹಿಮಾತು ಬೆರೆಸಿ ಬರೆದರೆ ಸಾಕೇ? ಸಾಲದು. ‘ನೀವು ನಮ್ಮ ಕುಟುಂಬದವರು’ ಎಂದು ಶುರುಮಾಡಿ ಕೊನೆಗೆ ಅದೇ ಲೆಕ್ಕಕ್ಕೆ ಬಂದರೆ ಓದುವವರಿಗೆ ಗೊತ್ತಾಗುತ್ತದೆ. ಜಿಮ್ ಬಿಟ್ಟವರು ವಾಪಸ್ ಬರುವಂತೆ ಮಾಡುವುದು ಮೆಸೇಜ್‌ನ ವಿಶೇಷಣಗಳಲ್ಲ, ಅದರ ಹಿಂದಿನ ಲೆಕ್ಕ. ಆ ಲೆಕ್ಕವನ್ನು ಮೊದಲೇ ಬಿಡಿಸಿಕೊಂಡ ಮಾಲೀಕರ ಮಾತು ತಾನಾಗಿ ಹಗುರಾಗುತ್ತದೆ.

ಬಡಾವಣೆಯ ಒಂದು ಸಾಧಾರಣ ಜಿಮ್ ತೆಗೆದುಕೊಳ್ಳೋಣ. ದಾವಣಗೆರೆಯಲ್ಲಿರಬಹುದು, ಹಾಸನದಲ್ಲಿರಬಹುದು. ಕೆಳಗೆ ಅಂಗಡಿ, ಮೇಲಿನ ಮಹಡಿಯಲ್ಲಿ ಜಿಮ್. ತಿಂಗಳಿಗೆ 1,500 ರೂಪಾಯಿ, ಮೂರು ತಿಂಗಳಿಗೆ ಒಟ್ಟಿಗೆ ಕಟ್ಟಿದರೆ 3,600, ವರ್ಷಕ್ಕೆ 12,000 ಎಂದಿಟ್ಟುಕೊಳ್ಳಿ. ಮಾಲೀಕರು ರಿಜಿಸ್ಟರ್ ತೆಗೆದು ಅವಧಿ ಮುಗಿದವರ ಹೆಸರಿನ ಮುಂದೆಲ್ಲ ಕೆಂಪು ಗೆರೆ ಎಳೆದಿದ್ದಾರೆ. ಈ ಕೆಂಪು ಗೆರೆಯವರೆಲ್ಲರೂ ಒಂದೇ ಅಲ್ಲ ಎಂಬುದನ್ನು ಗಮನಿಸುವುದೇ ಮೊದಲ ಕೆಲಸ.

ಆ ಪಟ್ಟಿಯಲ್ಲಿ ದೊಡ್ಡ ಪಾಲು, ಕಟ್ಟಿದ ಅವಧಿಯೊಳಗೇ ಬರುವುದನ್ನು ನಿಲ್ಲಿಸಿ ಮತ್ತೆ ಕಟ್ಟದವರದು. ಇವರು ಜಿಮ್‌ಗೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ನಿಜ ನೋಡಿದರೆ ಕಟ್ಟಿದ ದುಡ್ಡಿನಲ್ಲಿ ಕೆಲವು ದಿನಗಳನ್ನು ಬಳಸದೆ ಬಿಟ್ಟುಕೊಟ್ಟವರು ಇವರೇ. ಇಂಥವರಿಗೆ ‘ಬಾಕಿ ಪಾವತಿಸಿ’ ಎಂದು ಕಳಿಸಿದರೆ ಅದು ಸುಳ್ಳು ಲೆಕ್ಕ. ಕೋಪ ಬರುವುದೂ ಸಹಜ. ಇವರಿಗೆ ಬರೆಯುವ ಮೆಸೇಜ್‌ನಲ್ಲಿ ಹಣದ ಮೊದಲ ಸಾಲು ‘ನಿಮ್ಮ ಕಡೆಯಿಂದ ಏನೂ ಬಾಕಿ ಇಲ್ಲ’ ಎಂದಿರಬೇಕು. ಏನೋ ಉಳಿದಿದೆ ಎಂದುಕೊಂಡೇ ದೂರ ಉಳಿದವರು ಈ ಗುಂಪಿನಲ್ಲಿ ಇರುತ್ತಾರೆ. ಈ ಒಂದು ಸಾಲು ಓದಿದರೆ ಅವರ ಅರ್ಧ ಭಾರ ಇಳಿಯುತ್ತದೆ.

ಇನ್ನು ಕೆಲವರು ಅವಧಿ ಮುಗಿದ ಮೇಲೂ ಕೆಲವು ದಿನ ಬಂದು, ‘ನಾಳೆ ಕಟ್ತೀನಿ ಅಣ್ಣ’ ಎನ್ನುತ್ತಲೇ ನಿಂತುಹೋದವರು. ಇವರದು ನಿಜವಾದ ಬಾಕಿ. ಮೂರನೆಯವರದು ಸ್ವಲ್ಪ ತೊಡಕಿನ ಲೆಕ್ಕ. ಜನವರಿಯ ಉತ್ಸಾಹದಲ್ಲಿ ವರ್ಷದ ಪ್ಯಾಕೇಜ್ ತೆಗೆದುಕೊಂಡು ಅರ್ಧ ಕಟ್ಟಿ, ಉಳಿದರ್ಧಕ್ಕೆ ವಾಯಿದೆ ಹೇಳಿ, ನಡುವೆ ಬಿಟ್ಟವರು ಅವರು. ಈ ಎರಡು ಲೆಕ್ಕಗಳನ್ನು ಕೊಂಚ ಬಿಡಿಸಿ ನೋಡಬೇಕು. ಜಿಮ್‌ಗೂ ಸದಸ್ಯರಿಗೂ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಇಲ್ಲೇ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರ ಮೂರು ತಿಂಗಳ ಅವಧಿ ಮೇ 10ಕ್ಕೆ ಮುಗಿಯಿತು ಎನ್ನಿ. ಅವರು ಮೇ 28ರವರೆಗೆ ಬರುತ್ತಿದ್ದರು, ಆಮೇಲೆ ವರ್ಗಾವಣೆಯ ಗಡಿಬಿಡಿಯಲ್ಲಿ ನಿಂತರು. ಈಗ ಆಗಸ್ಟ್ 1ರಿಂದ ಬರುವ ಮನಸ್ಸಿದೆ. ಬಹಳ ಕಡೆ ನಡೆಯುವುದು ಹೀಗೆ: ಕೌಂಟರಿನಲ್ಲಿ 3,600 ಕಟ್ಟಿಸಿಕೊಂಡು, ಹಳೆಯ ಅವಧಿ ಮುಗಿದ ಮರುದಿನದಿಂದಲೇ, ಅಂದರೆ ಮೇ 11ರಿಂದ, ಹೊಸ ಅವಧಿ ಬರೆಯುತ್ತಾರೆ. ಆ ಲೆಕ್ಕಕ್ಕೆ ಮೂರು ತಿಂಗಳು ಆಗಸ್ಟ್ 10ಕ್ಕೆ ಮುಗಿಯುತ್ತದೆ. ಅವರು ಮತ್ತೆ ಬಂದು ಹತ್ತೇ ದಿನಕ್ಕೆ ‘ಸರ್, ರಿನ್ಯೂವಲ್’ ಎಂದು ಕೇಳಿದರೆ ಆ ಮನುಷ್ಯ ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ. ಊರಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಹೇಳುತ್ತಾರೆ. ಎಷ್ಟೋ ಸಲ ಇದನ್ನು ಮಾಡುವುದು ಮಾಲೀಕರೂ ಅಲ್ಲ, ಹಳೆಯ ಮುಕ್ತಾಯದ ದಿನಾಂಕದಿಂದ ಮುಂದುವರಿಸುವಂತೆ ಹೊಂದಿಸಿಟ್ಟ ಸಾಫ್ಟ್‌ವೇರ್. ರಿನ್ಯೂ ಮಾಡುವಾಗ ಶುರುವಿನ ದಿನಾಂಕವನ್ನು ಕೈಯಾರೆ ನೋಡಿ ಬದಲಿಸದಿದ್ದರೆ ಹೀಗಾಗುತ್ತದೆ.

ನ್ಯಾಯವಾದ ಬಾಕಿ ಎಷ್ಟು? ಮೇ 11ರಿಂದ 28ರವರೆಗೆ 18 ದಿನ. ತಿಂಗಳ ದರದಲ್ಲಿ ದಿನಕ್ಕೆ 50 ರೂಪಾಯಿ, ಒಟ್ಟು 900. ಇದನ್ನು ನೇರವಾಗಿ ಹೇಳಬಹುದು. ಇನ್ನೂ ಮೆತ್ತಗಿನ ದಾರಿ, ದುಡ್ಡು ಕೇಳದೆ ದಿನ ಕಳೆಯುವುದು. ಆಗಸ್ಟ್ 1ಕ್ಕೆ ಶುರುವಾದ ಮೂರು ತಿಂಗಳು ಅಕ್ಟೋಬರ್ 31ಕ್ಕೆ ಮುಗಿಯಬೇಕು. ಅದರಲ್ಲಿ 18 ದಿನ ತೆಗೆದು ಅಕ್ಟೋಬರ್ 13 ಎಂದು ಬರೆದರೆ ಆಯಿತು. ಮೂರು ತಿಂಗಳ ಪ್ಯಾಕೇಜಿನಲ್ಲಿ ದಿನದ ದರ ಕಡಿಮೆ ಬೀಳುವುದರಿಂದ ಹೀಗೆ ಮಾಡಿದರೆ ಮಾಲೀಕರಿಗೆ ಇನ್ನೂರು ರೂಪಾಯಿಯಷ್ಟು ಕಡಿಮೆಯಾಗುತ್ತದೆ, ನಿಜ. ಆದರೆ ಬಾಗಿಲಲ್ಲಿ ಹಳೆ ಲೆಕ್ಕದ ಮಾತೇ ಬರುವುದಿಲ್ಲ. ಕಟ್ಟುವವರ ಕೈಯಿಂದ ಹೋಗುವುದು ಎಲ್ಲರೂ ಕಟ್ಟುವ 3,600 ಮಾತ್ರ. ನನ್ನನ್ನು ಕೇಳಿದರೆ ಆ ಇನ್ನೂರು ರೂಪಾಯಿಗೆ ಇದಕ್ಕಿಂತ ಒಳ್ಳೆಯ ಖರ್ಚಿಲ್ಲ.

ಈಗ ಅರ್ಧ ಕಟ್ಟಿದವರ ಲೆಕ್ಕ. ಶಿಕ್ಷಕಿಯೊಬ್ಬರು ಜನವರಿ 5ರಂದು 12,000ದ ಪ್ಯಾಕೇಜಿಗೆ 6,000 ಕಟ್ಟಿದರು, ಮಾರ್ಚ್ 20ರವರೆಗೆ ಬಂದರು, ಆಮೇಲೆ ಪರೀಕ್ಷೆಯ ಕೆಲಸ, ಮೌಲ್ಯಮಾಪನ ಎಂದು ನಿಂತರು. ಮಾಲೀಕರ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 6,000 ಬಾಕಿ. ಅವರ ಮನಸ್ಸಿನಲ್ಲಿರುವುದು ಬೇರೆ: ಎರಡೂವರೆ ತಿಂಗಳಿಗೆ ಆರು ಸಾವಿರ ಕೊಟ್ಟಿದ್ದೇನೆ, ಇನ್ನೇನು ಕೊಡುವುದು? ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ಸರಿಯೇ. ಮಾಲೀಕರು ವರ್ಷದ ದರದ ರಿಯಾಯಿತಿ ಕೊಟ್ಟದ್ದು ವರ್ಷ ಪೂರ್ತಿ ಕಟ್ಟುತ್ತಾರೆಂಬ ಭರವಸೆಯ ಮೇಲೆ. ಆ ರಿಯಾಯಿತಿಯನ್ನು ವಾಪಸ್ ಪಡೆದು, ಬಂದಷ್ಟು ದಿನಕ್ಕೆ ತಿಂಗಳ ದರ ಹಾಕೋಣ. 75 ದಿನ, ಎರಡೂವರೆ ತಿಂಗಳು, 3,750 ರೂಪಾಯಿ. ಅಂದರೆ ಅವರು ಕಟ್ಟಿದ್ದರಲ್ಲಿ 2,250 ಇನ್ನೂ ಜಿಮ್‌ನಲ್ಲೇ ಇದೆ, ಅದು ಒಂದೂವರೆ ತಿಂಗಳ ಫೀ.

ಪುಸ್ತಕದಲ್ಲಿ ಆರು ಸಾವಿರ ಬರಬೇಕಿದ್ದ ಕಡೆ, ಸರಿಯಾಗಿ ಲೆಕ್ಕ ಹಾಕಿದರೆ ಜಿಮ್ ಅವರಿಗೆ ಒಂದೂವರೆ ತಿಂಗಳು ಕೊಡಬೇಕಿದೆ. ಹೀಗೆ ತಿರುಗಿ ನೋಡಲು ಮಾಲೀಕರಿಗೆ ಮನಸ್ಸು ಬರುವುದು ಕಷ್ಟ. ಬಾಡಿಗೆ, ಕರೆಂಟು ಬಿಲ್ಲು, ಟ್ರೆಡ್‌ಮಿಲ್ ರಿಪೇರಿ, ಕೋಚ್‌ಗಳ ಸಂಬಳ ಯಾವುದೂ ಕಾಯುವುದಿಲ್ಲ. ಆದರೆ ಆ ಆರು ಸಾವಿರ ಹೇಗಿದ್ದರೂ ಬರುವ ದುಡ್ಡಲ್ಲ. ಬರಬಹುದಾದದ್ದು ಆ ಶಿಕ್ಷಕಿ. ‘ನಿಮ್ಮ ದುಡ್ಡಿನಲ್ಲಿ ಇನ್ನೂ 45 ದಿನ ಉಳಿದಿದೆ ಮೇಡಂ’ ಎಂಬ ಮಾತು ಅವರನ್ನು ಕರೆತರುವಷ್ಟು ‘ನಿಮ್ಮ ಬಾಕಿ 6,000’ ಎಂಬುದು ಎಂದೂ ಕರೆತರಲಾರದು. ಆ 45 ದಿನಕ್ಕೊಂದು ಗಡುವು ಇಡುವುದರಲ್ಲಿ ತಪ್ಪಿಲ್ಲ. ಇಂಥ ತಿಂಗಳ ಕೊನೆಯೊಳಗೆ ಶುರುಮಾಡಿ ಎಂದು ತಾರೀಖು ಸಮೇತ ಹೇಳಿದರೆ ಅವರಿಗೂ ಅನುಕೂಲ.

ಲೆಕ್ಕ ಇಷ್ಟು ಬಿಡಿಸಿಕೊಂಡ ಮೇಲೆ ಬರೆಯುವುದು. ಬ್ಯಾಂಕಿನವರಿಗೆ ಹೋಗುವ ಮೆಸೇಜ್ ಹೀಗಿರಬಹುದು:

‘ನಮಸ್ಕಾರ ಸರ್, ಜಿಮ್‌ನಿಂದ ಬರೆಯುತ್ತಿದ್ದೇನೆ. ನಿಮ್ಮನ್ನು ನೋಡಿ ಎರಡು ತಿಂಗಳಾಯಿತು, ಎಲ್ಲ ಕ್ಷೇಮ ಅಂದುಕೊಂಡಿದ್ದೇನೆ. ನಿಮ್ಮ ಮೂರು ತಿಂಗಳು ಮೇ 10ಕ್ಕೆ ಮುಗಿದಿತ್ತು, ಆಮೇಲೆ 18 ದಿನ ಬಂದಿದ್ದೀರಿ. ಅದಕ್ಕೆ ಬೇರೆ ದುಡ್ಡು ಬೇಡ. ಮತ್ತೆ ಶುರುಮಾಡಿದಾಗ 3,600 ಕಟ್ಟಿ, ಅದರಲ್ಲಿ 18 ದಿನ ಕಳೆದುಕೊಳ್ಳೋಣ. ನೀವು ಬಂದ ದಿನದಿಂದಲೇ ಲೆಕ್ಕ, ಅಡ್ಮಿಷನ್ ಫೀ ಮತ್ತೆ ಇರುವುದಿಲ್ಲ. ಮೊದಲ ವಾರ ಅರ್ಧ ತೂಕದಲ್ಲೇ ಮಾಡಿಸುತ್ತೇವೆ, ಕೋಚ್‌ಗೆ ಹೇಳಿದ್ದೇನೆ. ಬೆಳಿಗ್ಗೆ ಆರರ ಬ್ಯಾಚಿನಲ್ಲಿ ಜಾಗ ಇದೆ. ಈಗ ಆಗುವುದಿಲ್ಲ ಎಂದಾದರೂ ಒಂದು ಮಾತು ತಿಳಿಸಿ, ಮತ್ತೆ ಮತ್ತೆ ಕೇಳುವುದಿಲ್ಲ.’

ಇದರಲ್ಲಿ ಹೊಗಳಿಕೆ ಇಲ್ಲ, ಆಫರ್ ಇಲ್ಲ, ಹೂವಿನ ಚಿತ್ರವೂ ಇಲ್ಲ. ಆದರೆ ಬರಲು ಹಿಂಜರಿಯುವವರು ಮನಸ್ಸಿನಲ್ಲೇ ಕೇಳಿಕೊಳ್ಳುವ ಪ್ರಶ್ನೆಗಳಿಗೆಲ್ಲ ಉತ್ತರ ಇದೆ. ಹಳೆಯದಕ್ಕೆ ಎಷ್ಟು, ಹೊಸದಕ್ಕೆ ಎಷ್ಟು, ಯಾವತ್ತಿನಿಂದ ಲೆಕ್ಕ, ಹೊಸಬರಂತೆ ಪ್ರವೇಶ ಶುಲ್ಕ ಕಟ್ಟಬೇಕೇ, ಮೊದಲ ದಿನ ಹೇಗೆ. ಅಡ್ಮಿಷನ್ ಫೀ ಬಗ್ಗೆ ಹೇಳುವುದನ್ನು ಮಾಲೀಕರು ಮರೆಯುತ್ತಾರೆ. ತಮ್ಮ ಮಟ್ಟಿಗೆ ಹಳೆ ಸದಸ್ಯರಿಗೆ ಅದು ಇಲ್ಲವೆಂಬುದು ಗೊತ್ತಿರುವ ಸಂಗತಿ. ಹೊರಗಿನವರಿಗೆ ಗೊತ್ತಿರುವುದಿಲ್ಲ. ಹೇಳಬೇಕಾದ ಮೊತ್ತ ತೆರಿಗೆ ಸೇರಿದ ಪೂರ್ತಿ ಮೊತ್ತವಾಗಿರಬೇಕು ಎಂಬುದೂ ಇಲ್ಲಿಯೇ ಬರುತ್ತದೆ. ಜಿಎಸ್‌ಟಿ ನೋಂದಣಿ ಇರುವ ಜಿಮ್‌ಗಳ ಸೇವೆಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಅದಕ್ಕೂ ಮೊದಲು ಬಿಟ್ಟವರ ನೆನಪಿನಲ್ಲಿರುವುದು ಹಳೆಯ ಬಿಲ್ಲು. ಮೆಸೇಜ್‌ನಲ್ಲಿ ಒಂದು ಅಂಕಿ, ಕೌಂಟರಿನಲ್ಲಿ ಇನ್ನೊಂದು ಎಂದಾಗಬಾರದು.

ಬರೆಯಬಾರದ ಕೆಲವು ಮಾತುಗಳೂ ಇವೆ. ‘ಯಾಕೆ ಬರಲಿಲ್ಲ?’ ಎಂದು ಕೇಳಬಾರದು. ಕೆಲಸ ಹೋಗಿರಬಹುದು, ಮನೆಯಲ್ಲಿ ಸಾವಾಗಿರಬಹುದು, ಗರ್ಭಪಾತವಾಗಿರಬಹುದು. ಯಾರೂ ಇವನ್ನು ಜಿಮ್‌ಗೆ ವಿವರಿಸಬೇಕಿಲ್ಲ. ಮೈಯ ಬಗ್ಗೆ ಒಂದು ಪದವೂ ಬೇಡ. ತೂಕ ಹೆಚ್ಚಾಗಿದೆಯೇನೋ, ಹೊಟ್ಟೆ ಬಂದಿದೆಯೇನೋ ಎಂಬ ಸಲುಗೆಯ ತಮಾಷೆ ಎದುರಿಗಿದ್ದಾಗಲೇ ಚುಚ್ಚುತ್ತದೆ, ಬರಹದಲ್ಲಿ ಇನ್ನೂ ಹೆಚ್ಚು. ‘ನಿಮ್ಮ ಬ್ಯಾಚಿನವರು ಕೇಳುತ್ತಿದ್ದರು’ ಎಂಬುದು ಬಹಳ ಒಳ್ಳೆಯ ಸಾಲು, ಆದರೆ ನಿಜವಾಗಿಯೂ ಯಾರಾದರೂ ಕೇಳಿದ್ದರೆ ಮಾತ್ರ ಬರೆಯಬೇಕು. ಬಂದವರು ಮೊದಲ ದಿನವೇ ‘ಯಾರು ಕೇಳಿದ್ದು?’ ಎಂದು ವಿಚಾರಿಸುತ್ತಾರೆ.

ಯಾವ ದಾರಿಯಲ್ಲಿ ಕಳಿಸುತ್ತೇವೆ ಎಂಬುದು ಮಾತಿನಷ್ಟೇ ಮುಖ್ಯ. ಜಿಮ್‌ನ ವಾಟ್ಸಾಪ್ ಗುಂಪಿನಲ್ಲಿ ಬಾಕಿದಾರರ ಪಟ್ಟಿ ಹಾಕುವ ರೂಢಿ ಕೆಲವೆಡೆ ಇದೆ. ಅದರಿಂದ ಒಂದಿಬ್ಬರು ಅಂದೇ ಕಟ್ಟಿಯಾರು, ಆದರೆ ಅವಧಿ ಮುಗಿದೊಡನೆ ಮತ್ತೆ ಬರಲಾರರು. ಬ್ರಾಡ್‌ಕಾಸ್ಟ್‌ನಲ್ಲಿ ಕಳಿಸಿದರೆ ಒಬ್ಬರ ಹೆಸರು ಇನ್ನೊಬ್ಬರಿಗೆ ಕಾಣುವುದಿಲ್ಲ, ಆದರೆ ಅದಕ್ಕೊಂದು ಮಿತಿ ಇದೆ: ಯಾರು ಜಿಮ್‌ನ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದಾರೋ ಅವರಿಗಷ್ಟೇ ಅದು ತಲುಪುತ್ತದೆ. ಬಿಟ್ಟುಹೋದವರಲ್ಲಿ ನಂಬರ್ ಅಳಿಸಿದವರೇ ಹೆಚ್ಚಿರಬಹುದು. ‘ಎಲ್ಲರಿಗೂ ಕಳಿಸಿದೆ, ಒಬ್ಬರೂ ಉತ್ತರ ಕೊಡಲಿಲ್ಲ’ ಎಂದು ಬೇಸರಪಡುವ ಮಾಲೀಕರು ಮೊದಲು ನೋಡಬೇಕಾದದ್ದು ಇದನ್ನೇ. ಹೆಸರು ಹಾಕಿ ಒಬ್ಬೊಬ್ಬರಿಗೇ ಕಳಿಸುವುದು ನಿಧಾನದ ಕೆಲಸ. ಆದರೆ ಒಬ್ಬೊಬ್ಬರ ಲೆಕ್ಕವೂ ಬೇರೆಯಾದ್ದರಿಂದ ಬೇರೆ ದಾರಿಯೂ ಇಲ್ಲ. ದಿನಕ್ಕೆ ಐದಾರು ಜನಕ್ಕೆ ಬರೆದರೂ ತಿಂಗಳಲ್ಲಿ ಪಟ್ಟಿ ಮುಗಿಯುತ್ತದೆ.

ಹೆಣ್ಣುಮಕ್ಕಳಿಗೆ ಬರೆಯುವಾಗ ಇನ್ನಷ್ಟು ಎಚ್ಚರ ಬೇಕು. ಕೋಚ್‌ನ ಸ್ವಂತ ನಂಬರಿನಿಂದ ರಾತ್ರಿ ಹತ್ತಕ್ಕೆ ‘ಯಾಕೆ ಮೇಡಂ ಕಾಣ್ತಿಲ್ಲ’ ಎಂಬ ಮೆಸೇಜ್ ಹೋದರೆ ಅದರ ಅರ್ಥವೇ ಬೇರೆಯಾಗುತ್ತದೆ. ಜಿಮ್‌ನ ನಂಬರಿನಿಂದ, ಹಗಲು ಹೊತ್ತಿನಲ್ಲಿ, ಮಹಿಳಾ ಕೋಚ್ ಇದ್ದರೆ ಅವರ ಹೆಸರಿನಲ್ಲೇ ಹೋಗಬೇಕು. ಫಾರಂನಲ್ಲಿ ಗಂಡನ ಅಥವಾ ಅಪ್ಪನ ನಂಬರ್ ಕೊಟ್ಟಿರುವವರು ಅನೇಕರು. ಆ ನಂಬರಿಗೆ ದುಡ್ಡಿನ ಲೆಕ್ಕ ಕಳಿಸಿದರೆ ಮನೆಯಲ್ಲಿ ಅದು ಯಾವ ಮಾತಿಗೆ ಎಡೆಮಾಡುತ್ತದೋ ನಮಗೆ ಗೊತ್ತಿರುವುದಿಲ್ಲ. ಅಂಥ ಕಡೆ ‘ಮೇಡಂಗೆ ಬಿಡುವಾದಾಗ ಜಿಮ್‌ಗೆ ಒಂದು ಫೋನ್ ಮಾಡಲು ಹೇಳಿ’ ಎಂದಷ್ಟೇ ಬರೆದರೆ ಸಾಕು.

ಇನ್ನು ಯಾವಾಗ ಕಳಿಸುವುದು? ಇದಕ್ಕೆ ಉತ್ತರ ಹುಡುಕಿದ ಕೆಲವು ಅಧ್ಯಯನಗಳು ಅಮೆರಿಕದವು. ಅಲ್ಲಿಯ ಮೂರು ಜಿಮ್‌ಗಳ ಏಳು ಸಾವಿರಕ್ಕೂ ಹೆಚ್ಚು ಸದಸ್ಯರ ದಾಖಲೆ ನೋಡಿದ ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ 2006ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಸಿದ್ಧವಾದದ್ದು. ಕೊನೆಯ ಸಲ ಜಿಮ್‌ಗೆ ಬಂದದ್ದಕ್ಕೂ ಸದಸ್ಯತ್ವ ರದ್ದು ಮಾಡಿದ್ದಕ್ಕೂ ನಡುವೆ ಜನ ಸರಾಸರಿ ಎರಡು ತಿಂಗಳಿಗೂ ಹೆಚ್ಚು ಕಾಲ ಸುಮ್ಮನೆ ದುಡ್ಡು ಕಟ್ಟುತ್ತಿದ್ದರು. ಅಲ್ಲಿ ತಿಂಗಳ ಫೀ ಕಾರ್ಡಿನಿಂದ ತಾನಾಗಿ ಕಡಿತವಾಗುತ್ತದೆ, ಹಾಗಾಗಿ ಬಾರದ ಸದಸ್ಯರಿಂದಲೂ ಜಿಮ್‌ಗೆ ಆದಾಯ. ನಮ್ಮ ಬಡಾವಣೆಯ ಜಿಮ್‌ಗಳಲ್ಲಿ ಸದಸ್ಯರೇ ಬಂದು ಕೈಯಾರೆ ಕೊಡಬೇಕು, ಇಲ್ಲವೆ ಕೌಂಟರಿನ ಕ್ಯೂಆರ್‌ಗೆ ಫೋನ್ ಹಿಡಿಯಬೇಕು. ಹಾಜರಿ ನಿಂತರೆ ಫೀ ನಿಂತಂತೆಯೇ. ಆದ್ದರಿಂದ ನಮ್ಮ ಮಾಲೀಕರು ನೋಡಬೇಕಾದದ್ದು ಅವಧಿ ಮುಗಿಯುವ ತಾರೀಖನ್ನಲ್ಲ, ಸದಸ್ಯರು ಕೊನೆಯ ಸಲ ಬಂದ ತಾರೀಖನ್ನು.

ಜಾನ್ ಗೌರ್ವಿಲ್ ಮತ್ತು ದಿಲೀಪ್ ಸೋಮನ್ ಎಂಬ ಸಂಶೋಧಕರು ಆರು ತಿಂಗಳಿಗೊಮ್ಮೆ ಫೀ ಕಟ್ಟುವ ಸದಸ್ಯರ ಹಾಜರಿ ನೋಡಿದಾಗ ಕಂಡದ್ದೂ ಇದಕ್ಕೆ ಹೊಂದುತ್ತದೆ. ದುಡ್ಡು ಕಟ್ಟಿದ ಹೊಸದರಲ್ಲಿ ಹಾಜರಿ ಜೋರು, ತಿಂಗಳು ಕಳೆದಂತೆ ಇಳಿಮುಖ, ಮತ್ತೆ ಕಟ್ಟಿದಾಗ ಏರಿಕೆ. ಕೊಟ್ಟ ದುಡ್ಡಿನ ನೆನಪು ಮಾಸಿದಂತೆ ಕಾಲೂ ಹಿಂದೆ ಬೀಳುತ್ತದೆ. ಅಂದಮೇಲೆ ಅವಧಿ ಮುಗಿದ ಮೇಲೆ ಕಳಿಸುವ ಜ್ಞಾಪನೆ ತಡವಾದದ್ದೇ. ವಾರಕ್ಕೆ ನಾಲ್ಕು ದಿನ ಬರುತ್ತಿದ್ದವರು ಹತ್ತು ದಿನ ಕಾಣದಿದ್ದರೆ ಆಗಲೇ ಒಂದು ಫೋನ್ ಮಾಡಬೇಕು, ಅದರಲ್ಲಿ ದುಡ್ಡಿನ ಸುದ್ದಿಯೇ ಇರಬಾರದು. ಅವಧಿ ಇನ್ನೂ ಇರುವಾಗ ಮಾಡಿದ ಆ ಫೋನ್‌ನಲ್ಲಿ ಕೇಳುವವರಿಗೆ ಸ್ವಾರ್ಥ ಕಾಣುವುದಿಲ್ಲ. ಮುಂದೆ ಬಾಕಿಯ ಮೆಸೇಜ್ ಕಳಿಸಬೇಕಾಗಿ ಬಂದರೂ ಅದು ಗುರುತಿನವರ ಮಾತಾಗಿ ಕೇಳುತ್ತದೆ.

ದಿನ ಆರಿಸುವುದರಲ್ಲೂ ಒಂದು ಜಾಣತನ ಇದೆ. ವಾರದ ಮೊದಲು, ತಿಂಗಳ ಮೊದಲು, ಹೊಸ ವರ್ಷ, ಹುಟ್ಟುಹಬ್ಬದ ಮರುದಿನಗಳು, ಇಂಥ ಹೊಸ ಶುರುವಿನ ಸಮಯದಲ್ಲಿ ಜನ ಜಿಮ್‌ಗೆ ಬರುವುದು ಹೆಚ್ಚು ಎಂದು ಹೆಂಗ್‌ಚೆನ್ ಡಾಯ್, ಕೇಟಿ ಮಿಲ್ಕ್‌ಮನ್, ಜೇಸನ್ ರೀಸ್ 2014ರಲ್ಲಿ ತೋರಿಸಿದರು. ನಮ್ಮ ಕ್ಯಾಲೆಂಡರಿನಲ್ಲಿ ಇಂಥ ದಿನಗಳಿಗೆ ಬರವಿಲ್ಲ. ಯುಗಾದಿ ಇದೆ, ದಸರೆ ಕಳೆದ ಮರುವಾರ ಇದೆ, ಮಕ್ಕಳ ಶಾಲೆ ಶುರುವಾಗುವ ಜೂನ್ ಇದೆ, ಅಯ್ಯಪ್ಪ ಮಾಲೆ ತೆಗೆದು ಬರುವ ಜನವರಿ ಇದೆ. ಹಾಗೆಯೇ ಕಳಿಸಬಾರದ ದಿನಗಳೂ ಇವೆ. ಗಣೇಶ ಹಬ್ಬದ ವಾರದಲ್ಲಿ, ಮನೆಯಲ್ಲಿ ಮದುವೆ ಇದೆಯೆಂದು ಗೊತ್ತಿದ್ದಾಗ, ತಿಂಗಳ ಕೊನೆಯಲ್ಲಿ ಸಂಬಳ ಖಾಲಿಯಾದಾಗ ಬಾಕಿಯ ಮಾತು ಕಿವಿಗೆ ಇಳಿಯುವುದಿಲ್ಲ.

ಎಷ್ಟು ಸಲ ಕಳಿಸುವುದು ಎಂಬುದಕ್ಕೆ ನನ್ನ ಅಭಿಪ್ರಾಯ ಹೀಗಿದೆ: ಒಮ್ಮೆ ಬರೆದು, ತಿಂಗಳ ನಂತರ ಇನ್ನೊಮ್ಮೆ ಕೇಳಿ, ಉತ್ತರ ಬಾರದಿದ್ದರೆ ಬಿಟ್ಟುಬಿಡಬೇಕು. ವಾರವಾರ ಬರುವ ಮೆಸೇಜ್‌ನಿಂದ ಆಗುವುದು ಒಂದೇ, ನಂಬರ್ ಬ್ಲಾಕ್.

ಮಾಲೀಕರ ಕೈಗೆ ಮೊದಲು ಸಿಗುವ ಆಯುಧ ರಿಯಾಯಿತಿ. ಬಿಟ್ಟವರಿಗೆ ಅರ್ಧ ದರ ಎಂದು ಘೋಷಿಸಿದರೆ ತಪ್ಪದೆ ಬರುತ್ತ, ತಪ್ಪದೆ ಕಟ್ಟುತ್ತ ಇರುವವರಿಗೆ ಅದು ಎರಡೇ ದಿನದಲ್ಲಿ ತಿಳಿಯುತ್ತದೆ. ‘ಹಾಗಾದರೆ ನಾವೂ ಎರಡು ತಿಂಗಳು ಬಿಟ್ಟು ಬರ್ತೀವಿ ಸರ್’ ಎಂದು ಯಾರಾದರೂ ಅಂದರೆ ಮಾಲೀಕರ ಬಳಿ ಉತ್ತರ ಇರುವುದಿಲ್ಲ. ದರ ಎಲ್ಲರಿಗೂ ಒಂದೇ ಇರಲಿ, ಸಡಿಲಿಕೆ ದಿನಗಳಲ್ಲಿರಲಿ. ದೊಡ್ಡ ರಿಯಾಯಿತಿ ಬೇಕೇ ಬೇಕು ಎಂಬುದೂ ನಿಜವಲ್ಲ. ಮಿಲ್ಕ್‌ಮನ್ ಮತ್ತು ಸಂಗಡಿಗರು ಅಮೆರಿಕದ ಒಂದು ದೊಡ್ಡ ಜಿಮ್ ಸರಪಳಿಯ 61,293 ಸದಸ್ಯರ ಮೇಲೆ ಒಟ್ಟಿಗೇ ಹತ್ತಾರು ಬಗೆಯ ನಾಲ್ಕು ವಾರಗಳ ಪ್ರಯೋಗ ಮಾಡಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲಕ್ಕಿಂತ ಚೆನ್ನಾಗಿ ಫಲ ಕೊಟ್ಟದ್ದು, ಒಂದು ದಿನ ತಪ್ಪಿಸಿದವರು ಮತ್ತೆ ಬಂದಾಗ ಕೊಡುತ್ತಿದ್ದ ಸಣ್ಣ ಬಹುಮಾನ. ಅದರ ಬೆಲೆ ಬರೀ ಒಂಬತ್ತು ಸೆಂಟ್. ಬೆಲೆಗಿಂತ ಹೆಚ್ಚಾಗಿ, ತಪ್ಪಿದ್ದನ್ನು ಬಿಟ್ಟು ಮರಳಿದ್ದನ್ನು ಗುರುತಿಸಿದ್ದೇ ಕೆಲಸ ಮಾಡಿತು ಎಂದು ನಾನು ಓದಿಕೊಂಡಿದ್ದೇನೆ. ಆದರೆ ಪ್ರಯೋಗ ನಿಂತ ಮೇಲೆ ಬಹುತೇಕ ಬಗೆಗಳ ಪರಿಣಾಮ ಉಳಿಯಲಿಲ್ಲ ಎಂಬುದನ್ನೂ ಅದೇ ಅಧ್ಯಯನ ಹೇಳುತ್ತದೆ. ಮರಳಿ ಬಂದವರನ್ನು ಉಳಿಸಿಕೊಳ್ಳುವುದು ಮೆಸೇಜ್‌ನ ಕೆಲಸವಲ್ಲ, ಅದು ಜಿಮ್‌ನೊಳಗಿನ ಕೆಲಸ.

ಆ ಒಳಗಿನ ಕೆಲಸ ಬಾಗಿಲಿನಿಂದಲೇ ಶುರುವಾಗುತ್ತದೆ, ಎಷ್ಟೋ ಸಲ ಅಲ್ಲಿಯೇ ಕೆಡುತ್ತದೆ ಕೂಡ. ಈಗ ಸಾಕಷ್ಟು ಜಿಮ್‌ಗಳ ಬಾಗಿಲಲ್ಲಿ ಬೆರಳಿಡುವ ಯಂತ್ರ ಇದೆ. ಅವಧಿ ಮುಗಿದವರ ಬೆರಳು ಒತ್ತಿದೊಡನೆ ಅದು ಕೆಂಪು ದೀಪ ಹಚ್ಚಿ ಕೀರಲು ಸದ್ದು ಮಾಡುತ್ತದೆ. ಮೆಸೇಜ್ ಓದಿ, ಮನಸ್ಸು ಗಟ್ಟಿಮಾಡಿ, ಶೂ ಕಟ್ಟಿಕೊಂಡು ಬಂದವರು ಬಾಗಿಲಲ್ಲಿ ನಿಂತಿದ್ದಾರೆ, ಹಿಂದೆ ನಾಲ್ಕು ಜನ ಹುಡುಗರು, ಯಂತ್ರ ಕಿರುಚುತ್ತಿದೆ. ಕೌಂಟರಿನ ಹುಡುಗ ತಲೆಯೆತ್ತಿ ‘ಸರ್, ನಿಮ್ದು ಪೆಂಡಿಂಗ್ ತೋರಿಸ್ತಿದೆ’ ಎನ್ನುತ್ತಾನೆ. ಅವನದೇನೂ ತಪ್ಪಿಲ್ಲ, ಅವನಿಗೆ ಯಾರೂ ಹೇಳಿಲ್ಲ. ಹೀಗಾಗದಂತೆ ಮೆಸೇಜ್ ಕಳಿಸುವ ಮುಂಚೆಯೇ ಅವರ ಹೆಸರನ್ನು ಯಂತ್ರದಲ್ಲಿ ಒಂದು ವಾರಕ್ಕೆ ತೆರೆದಿಡಬೇಕು. ಯಾರಿಗೆ ಏನು ಬರೆದಿದ್ದೇವೆ ಎಂಬ ಚೀಟಿ ಕೌಂಟರಿನಲ್ಲೂ ಕೋಚ್ ಕೈಯಲ್ಲೂ ಇರಬೇಕು. ಫೀ ಮಾತು ಬೆವರು ಒರೆಸಿಕೊಂಡ ಮೇಲೆ ಆಡಿದರೆ ಸಾಕು.

ಮೊದಲ ವಾರ ಅರ್ಧ ತೂಕ ಎಂದು ಬರೆದದ್ದು ಸೌಜನ್ಯದ ಮಾತಲ್ಲ. ಎರಡು ಮೂರು ತಿಂಗಳು ಬಿಟ್ಟ ಮೈಗೆ ಹಳೆಯ ತೂಕದ ನೆನಪು ಇರುತ್ತದೆ, ತಾಕತ್ತು ಅಷ್ಟಿರುವುದಿಲ್ಲ. ಬಿಟ್ಟದ್ದನ್ನು ಒಂದೇ ದಿನದಲ್ಲಿ ತುಂಬಿಸಿಕೊಳ್ಳುವ ಹಟಕ್ಕೆ ಬಿದ್ದು ಎತ್ತಿದರೆ ಎರಡನೆಯ, ಮೂರನೆಯ ದಿನ ಮೆಟ್ಟಿಲಿಳಿಯಲೂ ಆಗದಷ್ಟು ತೊಡೆ ಹಿಡಿದುಕೊಳ್ಳುತ್ತದೆ. ಸಾಮಾನ್ಯವಾಗಿ ಅದು ತಾನಾಗಿ ಇಳಿಯುತ್ತದೆ. ಆದರೆ ನೋವಿನ ಜೊತೆ ಊತ ಬಂದು, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಅದು ಸ್ನಾಯು ಕರಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿರುವ ಸೂಚನೆ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಪರೂಪದ ಸಂಗತಿಯೇ ಆದರೂ, ಬಹಳ ದಿನ ಬಿಟ್ಟು ಒಮ್ಮೆಲೇ ಜೋರು ವ್ಯಾಯಾಮ ಮಾಡಿದವರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಹಾಗಾಗಿ ಮರಳಿದವರ ಮೊದಲ ದಿನದ ಚೀಟಿಯಲ್ಲಿ ಕೋಚ್ ಬರೆಯಬೇಕಾದದ್ದು ನಡಿಗೆ, ಹಗುರ ತೂಕದಲ್ಲಿ ಎರಡೆರಡು ಸುತ್ತು, ಅರ್ಧ ಗಂಟೆಗೆ ಮುಕ್ತಾಯ. ಇನ್ನೂ ಮಾಡಬಹುದಿತ್ತು ಎನ್ನಿಸುವಾಗಲೇ ಮನೆಗೆ ಕಳಿಸಿದರೆ ಮಾರನೆಯ ದಿನ ಬರುತ್ತಾರೆ.

ಮೆಸೇಜ್ ಫಲಿಸಿತೇ ಎಂದು ನೋಡುವುದಕ್ಕೂ ದುಡ್ಡಿನ ಅಂಕಿ ಸಾಲದು. ಬಂದು ಕಟ್ಟಿ ಮತ್ತೆ ಮಾಯವಾದವರನ್ನು ಅದು ಲೆಕ್ಕಕ್ಕೆ ಹಿಡಿದುಬಿಡುತ್ತದೆ. ಬರೆದವರಲ್ಲಿ ಎಷ್ಟು ಜನ ಉತ್ತರ ಕೊಟ್ಟರು, ಬಂದವರಲ್ಲಿ ಎಷ್ಟು ಜನ ಮೂರನೆಯ ವಾರದಲ್ಲೂ ಇದ್ದಾರೆ ಎಂದು ರಿಜಿಸ್ಟರ್‌ನ ಪಕ್ಕದಲ್ಲಿ ಬರೆದಿಟ್ಟರೆ ಎಲ್ಲಿ ಕೊರತೆ ಎಂಬುದು ತಿಳಿಯುತ್ತದೆ. ಉತ್ತರವೇ ಕಡಿಮೆಯಿದ್ದರೆ ಮಾತನ್ನೋ ಕಳಿಸಿದ ದಾರಿಯನ್ನೋ ತಿದ್ದಬೇಕು. ಉತ್ತರ ಬಂದು, ಜನರೂ ಬಂದು, ಮೂರನೆಯ ವಾರಕ್ಕೆ ನಿಲ್ಲುತ್ತಿದ್ದರೆ ಕೋಚ್ ಜೊತೆ ಕೂತು ಮಾತಾಡಬೇಕು.

ಕೆಲವರು ‘ಇಲ್ಲ, ನಾನು ಇನ್ನು ಬರುವುದಿಲ್ಲ’ ಎಂದೇ ಬರೆಯುತ್ತಾರೆ. ಊರು ಬಿಟ್ಟಿರುತ್ತಾರೆ, ಮನೆ ಹತ್ತಿರ ಇನ್ನೊಂದು ಜಿಮ್ ಸಿಕ್ಕಿರುತ್ತದೆ. ಅವರಿಗೂ ಒಂದು ಉತ್ತರ ಹೋಗಬೇಕು. ತಿಳಿಸಿದ್ದಕ್ಕೆ ಸಂತೋಷ ಎಂದು ಹೇಳಿ, ಲಾಕರ್‌ನಲ್ಲಿ ಶೂ, ಗ್ಲೌಸ್ ಉಳಿದಿದ್ದರೆ ಎಂದು ಬಂದು ತೆಗೆದುಕೊಳ್ಳಬಹುದೆಂದು ತಿಳಿಸಿ, ಕಟ್ಟಿದ್ದರಲ್ಲಿ ಏನಾದರೂ ಉಳಿದಿದ್ದರೆ ಅದನ್ನು ಮನೆಯವರಲ್ಲಿ ಬೇರೆ ಯಾರಿಗಾದರೂ ವರ್ಗಾಯಿಸಬಹುದೇ ಎಂದು ಕೇಳಬೇಕು. ಎರಡೂವರೆ ತಿಂಗಳು ಬಂದ ಆ ಶಿಕ್ಷಕಿಯೂ ಹೀಗೆ ಬರೆದರೆ, ಉಳಿದ 45 ದಿನಕ್ಕೆ ಅವರ ಮಗಳೋ ತಂಗಿಯೋ ಬರಬಹುದು. ಆ ಹುಡುಗಿಗೆ ಹೊಸ ಫಾರಂ ತುಂಬಿಸುವಾಗ ಫೋನ್ ನಂಬರ್ ಅವಳದನ್ನೇ ಕೇಳಿ ಬರೆದುಕೊಳ್ಳಬೇಕು.